ಇನ್ನೆಷ್ಟು ಹೊತ್ತು?

ಗೆಳೆಯನ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಬೇಕಿತ್ತು. ಫೈಲ್ ನನ್ನ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀನಿ ಅಂದಿದ್ದೆ. ರಾತ್ರಿ 8:10ಕ್ಕೆ ಡೌನ್‌ಲೋಡ್ ಶುರು ಮಾಡಿದೆ. ಅವನು 10:30ರೊಳಗೆ ಹೊರಡಲೇಬೇಕಿತ್ತು.

ಆ ಪ್ರೋಗ್ರಾಂ ತೋರಿಸುತ್ತಿದ್ದದ್ದು ಎರಡೇ ಸಂಗತಿ: ಎಷ್ಟು ಪರ್ಸೆಂಟ್ ಆಯ್ತು, ಎಷ್ಟು ಹೊತ್ತಾಯ್ತು. ಇನ್ನೆಷ್ಟು ಹೊತ್ತು ಬೇಕು ಅನ್ನೋದನ್ನು ನಾವೇ ಲೆಕ್ಕ ಹಾಕಬೇಕು.

ಮೂರು ನಿಮಿಷಕ್ಕೆ 3% ಅಂತಿತ್ತು. ಅಂದ್ರೆ ಒಂದು ಪರ್ಸೆಂಟ್‌ಗೆ ಒಂದು ನಿಮಿಷ, ಉಳಿದ 97ಕ್ಕೆ 97 ನಿಮಿಷ. ಅದನ್ನೇ ಅವನಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಶುರುವಿನಲ್ಲಿ 0% ಮುಕ್ಕಾಲು ನಿಮಿಷಕ್ಕೂ ಸ್ವಲ್ಪ ಜಾಸ್ತಿ ನಿಂತಿತ್ತು, ಆಮೇಲೆ 1% ಕೂಡ ಅಷ್ಟೇ ಹೊತ್ತು ನಿಂತಿತ್ತು. ಹಾಗಾದರೆ ಪ್ರೋಗ್ರಾಂ ಪಾಯಿಂಟ್ ಆದಮೇಲಿನ ಅಂಕಿಗಳನ್ನು ಬಿಟ್ಟು ತೋರಿಸುತ್ತಿದೆ. ಪರದೆಯ ಮೇಲಿನ 3 ಅನ್ನೋದು ನಿಜವಾಗಿ 3.1 ಇರಬಹುದು, 3.9 ಕೂಡ ಇರಬಹುದು. ಸಣ್ಣ ಅಂಕಿಯಲ್ಲಿ ಇಷ್ಟು ವ್ಯತ್ಯಾಸ ಅಂದ್ರೆ ಕಡಿಮೆ ಅಲ್ಲ.

ಅದಕ್ಕೆ ಅಂಕಿ ಬದಲಾಗೋ ಕ್ಷಣಕ್ಕೇ ಕಾದೆ. 3 ಹೋಗಿ 4 ಬಂದಾಗ 3 ನಿಮಿಷ 12 ಸೆಕೆಂಡ್ ಆಗಿತ್ತು. ಆ ಕ್ಷಣದಲ್ಲಿ ಮಾತ್ರ 4 ಅಂದ್ರೆ ಸರಿಯಾಗಿ 4. 192 ಸೆಕೆಂಡನ್ನು 4ರಿಂದ ಭಾಗಿಸಿದರೆ ಪರ್ಸೆಂಟ್‌ಗೆ 48 ಸೆಕೆಂಡ್. ಉಳಿದ 96ಕ್ಕೆ ಸುಮಾರು 77 ನಿಮಿಷ. ಕೆಲವೇ ಸೆಕೆಂಡುಗಳ ಅಂತರದಲ್ಲಿ ನನ್ನ ಅಂದಾಜು 20 ನಿಮಿಷ ಇಳಿದಿತ್ತು. ವೇಗ ಒಂದಿಷ್ಟೂ ಬದಲಾಗಿರಲಿಲ್ಲ, ನಾನು ಅಂಕಿ ಓದಿದ ರೀತಿ ಬದಲಾಗಿತ್ತು ಅಷ್ಟೇ.

8:22ಕ್ಕೆ 15 ಆಯ್ತು. ಉಳಿದ 85ನ್ನು 48 ಸೆಕೆಂಡಿನಿಂದ ಗುಣಿಸಿದರೆ 68 ನಿಮಿಷ, ಅಂದ್ರೆ 9:30ಕ್ಕೆ ಮುಗಿಯುತ್ತೆ. ಇಬ್ಬರಿಗೂ ನಿರಾಳ ಆಯ್ತು.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಯಾರೋ ಸಿನಿಮಾ ಹಾಕಿಕೊಂಡರು. 30% ಬಂದಾಗ 8:40. ಶುರುವಿನಿಂದ ಲೆಕ್ಕ ಹಾಕಿದರೆ 30 ನಿಮಿಷಕ್ಕೆ 30 ಪರ್ಸೆಂಟ್, ಇನ್ನು 70 ನಿಮಿಷ ಬೇಕು, 9:50ಕ್ಕೆ ಮುಗಿಯಬೇಕು. ಆದರೆ ಆ ಲೆಕ್ಕದಲ್ಲಿ ಮೊದಲಿನ ಒಳ್ಳೇ ವೇಗವೂ ಸೇರಿಕೊಂಡಿದೆ, ಅಲ್ವಾ? ಈಗ ಆ ವೇಗ ಇಲ್ಲ. ಹಾಗಾಗಿ ಕೊನೆಯ ಭಾಗವನ್ನು ಮಾತ್ರ ತೆಗೆದುಕೊಂಡೆ. 15ರಿಂದ 30ಕ್ಕೆ ಬರಲು 18 ನಿಮಿಷ ಹಿಡಿದಿದೆ. ಪರ್ಸೆಂಟ್‌ಗೆ 72 ಸೆಕೆಂಡ್. ಎಪ್ಪತ್ತು ಪರ್ಸೆಂಟ್‌ಗೆ 84 ನಿಮಿಷ, ಅಂದ್ರೆ 10:04. ಸಿನಿಮಾ ಬೇಗ ಮುಗಿಯೋದಲ್ಲ ಅಂತ ಗೊತ್ತಿದ್ದರಿಂದ ನಾನು ನಂಬಿದ್ದು ಈ ಎರಡನೇ ಲೆಕ್ಕವನ್ನೇ. ಸಿನಿಮಾ ನಿಲ್ಲೋ ಹಾಗಿದ್ದರೆ ಇದೂ ತಪ್ಪಾಗ್ತಿತ್ತು.

"ಹತ್ತು ದಾಟುತ್ತೆ ಕಣೋ, ಕಾಯ್ತೀಯಾ?" ಅಂತ ಕೇಳಿದೆ. ಕಾಯ್ತೀನಿ ಅಂದ.

9:04ಕ್ಕೆ ಸರಿಯಾಗಿ 50% ಬಂತು, ಆ ಕೂಡಲೇ ನೆಟ್ ಹೋಯ್ತು. ಹತ್ತು ನಿಮಿಷ ಬಿಟ್ಟು ಬಂತು. ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಇಳಿದಿದ್ದ ಅರ್ಧ ಹಾಗೇ ಉಳಿದಿತ್ತು, ಆದರೆ ಹೊತ್ತು ತೋರಿಸೋ ಗಡಿಯಾರ ಸೊನ್ನೆಯಿಂದ ಶುರುವಾಯ್ತು. 9:20ಕ್ಕೆ 55% ಆದಾಗ ಪಕ್ಕದಲ್ಲಿ ಕೇವಲ 6 ನಿಮಿಷ ಅಂತ ಇತ್ತು. ಗೆಳೆಯ ಅಷ್ಟು ಹೊತ್ತಿಗೆ ಲೆಕ್ಕ ಕಲಿತುಬಿಟ್ಟಿದ್ದ. ಆರನ್ನು 45ರಿಂದ ಗುಣಿಸಿ 55ರಿಂದ ಭಾಗಿಸಿ, "ಇನ್ನು ಐದೇ ನಿಮಿಷ!" ಅಂತ ಎದ್ದು ನಿಂತ.

ಅವನ ಗುಣಾಕಾರ, ಭಾಗಾಕಾರ ಸರಿಯಾಗೇ ಇತ್ತು. ತಪ್ಪಿದ್ದು ಜೋಡಿ. ಪರ್ಸೆಂಟ್ ಇಡೀ ಫೈಲಿನದ್ದು, ಹೊತ್ತು ಮಾತ್ರ ಎರಡನೇ ಸಲದ್ದು. ಎರಡೂ ಒಂದೇ ಜಾಗದಿಂದ ಶುರುವಾಗಿರಬೇಕು. ಆ 6 ನಿಮಿಷದಲ್ಲಿ ಇಳಿದಿದ್ದು 55 ಅಲ್ಲ, ಬರೀ 5. ಪರ್ಸೆಂಟ್‌ಗೆ ಮತ್ತೆ ಅದೇ 72 ಸೆಕೆಂಡ್. ಉಳಿದ 45ಕ್ಕೆ 54 ನಿಮಿಷ, ಅಂದ್ರೆ 10:14. ಹಿಂದಿನ 10:04ಕ್ಕೆ ನೆಟ್ ಇಲ್ಲದ ಹತ್ತು ನಿಮಿಷ ಸೇರಿಸಿದರೂ ಇದೇ ಬರುತ್ತೆ. ಎರಡು ದಾರಿಯಲ್ಲಿ ಒಂದೇ ಉತ್ತರ ಬಂದಾಗ ನನಗೆ ನಿಜಕ್ಕೂ ಖುಷಿಯಾಯ್ತು. ಅವನು ಮತ್ತೆ ಕೂತ.

100% ಬಂದಾಗ 10:13. ಆದರೆ ಪ್ರೋಗ್ರಾಂ ಮುಗೀತು ಅನ್ನಲಿಲ್ಲ, ಫೈಲ್ ಸರಿಯಾಗಿ ಇಳಿದಿದೆಯಾ ಅಂತ ಪರೀಕ್ಷೆ ಮಾಡುತ್ತಾ ಎರಡು ನಿಮಿಷ ಹಾಗೇ ನಿಂತಿತ್ತು. ಪರ್ಸೆಂಟ್ ಎಣಿಸೋದು ಇಳಿದು ಬಂದ ಡೇಟಾವನ್ನು ಮಾತ್ರ, ಈ ಕೆಲಸ ಅದರ ಲೆಕ್ಕಕ್ಕೇ ಸೇರಿರಲಿಲ್ಲ. ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಾಗ 10:26. ಅವನು ಶೂ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದ.