ಅದೇ ಎಂಟು ವರ್ಷ, ಮೂರು ಲೆಕ್ಕ: ರೆಸ್ಯೂಮ್, ಸಿವಿ, ಬಯೋಡೇಟಾ

ಕಂಪನಿಗಳಿಗೆ ಜನ ಹುಡುಕಿ ಕೊಡುವುದು ನನ್ನ ಕೆಲಸ. ದಿನಾ ಬರುವ ಫೈಲ್‌ಗಳಿಗೆ ಒಬ್ಬರು ರೆಸ್ಯೂಮ್ ಅಂತ ಹೆಸರಿಟ್ಟಿರುತ್ತಾರೆ, ಇನ್ನೊಬ್ಬರು ಸಿವಿ, ಮತ್ತೊಬ್ಬರು ಬಯೋಡೇಟಾ. ತೆರೆದು ನೋಡಿದರೆ ಮೂರರಲ್ಲೂ ಇರುವುದು ಒಂದೇ ತರಹದ ಕಾಗದ. ನಮ್ಮ ದೇಶದ ಖಾಸಗಿ ಕಂಪನಿಗಳಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ಜಾಹೀರಾತಿನಲ್ಲಿ ಸಿವಿ ಕಳಿಸಿ ಅಂತಿದ್ದರೂ ಅವರು ಕೇಳುತ್ತಿರುವುದು ಒಂದೆರಡು ಪುಟದ ರೆಸ್ಯೂಮನ್ನೇ. ಆದರೆ ಅದೇ ಕಾಗದ ವಿಶ್ವವಿದ್ಯಾಲಯಕ್ಕೋ ಸರ್ಕಾರಿ ಕಚೇರಿಗೋ ಹೋದಾಗ ಕಥೆ ಬೇರೆ. ಅಲ್ಲಿ ಓದುವವರು ಬೇರೆ, ಅವರು ಹುಡುಕುವುದೂ ಬೇರೆ.

ಇದು ನನಗೆ ಚೆನ್ನಾಗಿ ಬಿಡಿಸಿ ಕಂಡಿದ್ದು ಒಬ್ಬ ಕೆಮಿಸ್ಟ್ ಅರ್ಜಿಯಲ್ಲಿ. ಅವರು ರಾಜ್ಯ ಸರ್ಕಾರದ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಆಗಿತ್ತು. ಅದಾದ ಮೇಲೆ ಒಂದು ವರ್ಷ ಕಾಲೇಜಿನಲ್ಲಿ ಪೂರ್ಣಾವಧಿ ಉಪನ್ಯಾಸಕಿ. ನಂತರ ಲ್ಯಾಬ್‌ನಲ್ಲಿ ಎಂಟು ವರ್ಷ: ಮೊದಲ ಎರಡು ಗುತ್ತಿಗೆ ಮೇಲೆ, ಆಮೇಲಿನ ಆರು ಖಾಯಂ ಹುದ್ದೆಯಲ್ಲಿ. ಅವರು ಒಂದೇ ಸಲಕ್ಕೆ ಮೂರು ಕಡೆ ಪ್ರಯತ್ನಿಸುತ್ತಿದ್ದರು. ಒಂದು ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆ ವಿಭಾಗ, ಒಂದು ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆ, ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಡೆಪ್ಯುಟೇಶನ್, ಅಂದರೆ ತಾತ್ಕಾಲಿಕ ನಿಯೋಜನೆ. ಮೂರಕ್ಕೂ ಕಳಿಸಲು ಐದು ಪುಟದ ಒಂದೇ ಫೈಲ್ ಇಟ್ಟುಕೊಂಡಿದ್ದರು. ಕಂಪನಿಯ ಅರ್ಜಿ ನನ್ನ ಮೇಜಿಗೆ ಬಂತು. ಫೋನ್ ಮಾಡಿದಾಗ ಅವರು ಹೇಳಿದ್ದು, “ಎಲ್ಲಾ ಇದೆಯಲ್ಲ ಸರ್, ಒಂದನ್ನೂ ಬಿಟ್ಟಿಲ್ಲ.” ನಿಜ, ಎಲ್ಲಾ ಇತ್ತು. ಓದುವವರಿಗೆ ಬೇಕಾದದ್ದು ಮಾತ್ರ ಕಣ್ಣಿಗೆ ಬೀಳುವ ಜಾಗದಲ್ಲಿರಲಿಲ್ಲ.

ಮೊದಲು ಕಂಪನಿಯ ವಿಷಯ. ಅವರಿಗೆ ಬೇಕಾಗಿದ್ದದ್ದು ಔಷಧದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನಡೆಸಬಲ್ಲವರು, ದಾಖಲೆ ಸರಿಯಾಗಿ ಇಡಬಲ್ಲವರು. ಮೇಡಂ ಪಿಎಚ್‌ಡಿ ಸಮಯದಲ್ಲಿ ಎಚ್‌ಪಿಎಲ್‌ಸಿ ಮೇಲೇ ಕೆಲಸ ಮಾಡಿದ್ದರು. ಆ ಮಾತು ನಾಲ್ಕನೇ ಪುಟದಲ್ಲಿ, ಪ್ರಬಂಧದ ಸಾರಾಂಶದ ನಡುವೆ ಇತ್ತು. ಮೊದಲ ಪುಟ ಪೂರ್ತಿ ತಂದೆಯ ಹೆಸರು, ಜನ್ಮದಿನಾಂಕ, ವೈವಾಹಿಕ ಸ್ಥಿತಿ, ಎಸ್ಸೆಸ್ಸೆಲ್ಸಿಯಿಂದ ಶುರುವಾಗುವ ಅಂಕಗಳ ಪಟ್ಟಿ. ರೆಸ್ಯೂಮ್ ಓದುವವರ ಪ್ರಶ್ನೆ ಒಂದೇ: ಈ ಕೆಲಸ ಇವರ ಕೈಲಿ ಆಗುತ್ತಾ? ಉತ್ತರ ಮೊದಲ ಅರ್ಧ ಪುಟದಲ್ಲಿ ಸಿಗದಿದ್ದರೆ ನಾಲ್ಕನೇ ಪುಟದವರೆಗೆ ಯಾರೂ ಹೋಗುವುದಿಲ್ಲ.

ಲ್ಯಾಬ್ ಕೆಲಸದ ಬಗ್ಗೆ ಅವರು ಬರೆದಿದ್ದದ್ದು “ನೀರಿನ ಮಾದರಿಗಳ ಪರೀಕ್ಷೆಯ ಜವಾಬ್ದಾರಿ” ಅಂತ ಒಂದೇ ಸಾಲು. ಕೂತು ಮಾತಾಡಿದ ಮೇಲೆ ಅದು ಹೀಗಾಯಿತು: “ಕುಡಿಯುವ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಅಳತೆ, ಅಯಾನ್ ಕ್ರೊಮ್ಯಾಟೋಗ್ರಫಿ ಯಂತ್ರದಲ್ಲಿ. ಯಂತ್ರದ ಕ್ಯಾಲಿಬ್ರೇಶನ್ ದಾಖಲೆಗಳ ಹೊಣೆ. ಎನ್‌ಎಬಿಎಲ್ ಆಡಿಟ್‌ಗೆ ಕಡತ ಸಿದ್ಧಪಡಿಸಿ, ಆಡಿಟರ್ ಪ್ರಶ್ನೆಗಳಿಗೆ ಉತ್ತರಿಸಿದ್ದು.” ಎನ್‌ಎಬಿಎಲ್ ಅಂದರೆ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಸಂಸ್ಥೆ. ಔಷಧ ಕಂಪನಿಯ ಲ್ಯಾಬ್ ಮ್ಯಾನೇಜರ್‌ಗೆ ಈ ಕೊನೆಯ ಮಾತು ಚಿನ್ನ. ಆಡಿಟ್ ಎದುರಿಸಿದವರಿಗೆ ದಾಖಲೆ ಇಡುವ ಶಿಸ್ತನ್ನು ಮೊದಲಿಂದ ಹೇಳಿಕೊಡಬೇಕಿಲ್ಲ. ಎಚ್‌ಪಿಎಲ್‌ಸಿ ಅನುಭವ ಮೇಲಕ್ಕೆ ಬಂತು, ಸಂಶೋಧನಾ ಲೇಖನಗಳು ಒಂದೇ ಸಾಲಿಗೆ ಇಳಿದವು, ಉಪನ್ಯಾಸಕಿಯಾಗಿದ್ದ ವರ್ಷ ಕೊನೆಗೆ ಹೋಯಿತು. ಗುತ್ತಿಗೆಯೋ ಖಾಯಮ್ಮೋ ಅನ್ನುವುದು ಇಲ್ಲಿ ಮುಖ್ಯವಲ್ಲ, ಎಂಟು ವರ್ಷವೂ ಎಂಟೇ ವರ್ಷ. ಐದು ಪುಟ ಎರಡಾಯಿತು.

ಇನ್ನೊಂದು ಮಾತು. ದೊಡ್ಡ ಕಂಪನಿಗಳಲ್ಲಿ ಫೈಲನ್ನು ಮನುಷ್ಯರು ನೋಡುವ ಮೊದಲು ಸಾಫ್ಟ್‌ವೇರ್ ಓದಿ ಹೆಸರು, ಹುದ್ದೆ, ವರ್ಷಗಳನ್ನು ಬೇರೆ ಬೇರೆ ಖಾನೆಗೆ ಹಾಕುತ್ತದೆ. ಎರಡು ಕಾಲಂ, ಟೇಬಲ್, ಪುಟದ ತಲೆಭಾಗದ ಹೆಡರ್‌ನಲ್ಲಿ ಬರೆದ ಫೋನ್ ನಂಬರ್, ಇವೆಲ್ಲ ಅಲ್ಲಿ ಕಲಸಿಹೋಗಬಹುದು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ, ಅಕ್ಷರ ಸಿಗದೇ ಹೋಗಬಹುದು. ಪರೀಕ್ಷೆ ಮಾಡುವುದು ಸುಲಭ. ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಸಾಲುಗಳು ಕ್ರಮವಾಗಿ ಬಂದರೆ ಸರಿ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಈಗ ವಿಶ್ವವಿದ್ಯಾಲಯ. ಇಲ್ಲಿ ಬೇಕಾಗಿರುವುದು ನಿಜವಾದ ಸಿವಿ. ಪುಟ ಜಾಸ್ತಿಯಾದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಓದುವವರು ಎಣಿಸಲು ಕೂತಿರುತ್ತಾರೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನಲು ಅಂಕಗಳ ಕೋಷ್ಟಕವೇ ಇದೆ. ಪಿಎಚ್‌ಡಿಗೆ 30 ಅಂಕ. ಸಂಶೋಧನಾ ಲೇಖನ ಒಂದಕ್ಕೆ 2, ಗರಿಷ್ಠ 10. ಬೋಧನೆ ಅಥವಾ ಪೋಸ್ಟ್ ಡಾಕ್ಟರಲ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಯ ಅನುಭವಕ್ಕೆ ವರ್ಷಕ್ಕೆ 2, ಅದೂ ಗರಿಷ್ಠ 10. ಈ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ, ಆಯ್ಕೆ ನಡೆಯುವುದು ಸಂದರ್ಶನದ ಮೇಲೆ.

ಮೇಡಂ ಲೆಕ್ಕ ಇಲ್ಲಿ ತಲೆಕೆಳಗಾಯಿತು. ಕಂಪನಿಗೆ ಅಷ್ಟು ಇಷ್ಟವಾದ ಎಂಟು ವರ್ಷದ ಲ್ಯಾಬ್ ಕೆಲಸ ಬೋಧನೆಯೂ ಅಲ್ಲ, ಪೋಸ್ಟ್ ಡಾಕ್ಟರಲ್ ಸಂಶೋಧನೆಯೂ ಅಲ್ಲ. ಆ ಸಾಲಿನಲ್ಲಿ ಅದಕ್ಕೆ ಅಂಕವಿಲ್ಲ. ರೆಸ್ಯೂಮಿನ ಕೊನೆಗೆ ತಳ್ಳಿದ್ದ ಉಪನ್ಯಾಸಕಿಯ ಒಂದು ವರ್ಷಕ್ಕೆ ಮಾತ್ರ 2 ಅಂಕ. ಅದನ್ನು ಬರೀ “ಒಂದು ವರ್ಷ ಬೋಧನೆ” ಅಂತ ಬರೆದರೆ ಸಾಲದು. ಯಾವ ದಿನದಿಂದ ಯಾವ ದಿನದವರೆಗೆ, ಪೂರ್ಣಾವಧಿಯೋ ಅತಿಥಿ ಉಪನ್ಯಾಸವೋ, ಯಾವ ತರಗತಿಗೆ ಯಾವ ಪತ್ರಿಕೆ ಪಾಠ ಮಾಡಿದ್ದು, ಎಲ್ಲಾ ಬೇಕು. ಒಂದು ವರ್ಷಕ್ಕೆ ಕೆಲವು ದಿನ ಕಡಿಮೆಯಾದರೂ ಅಂಕ ಆ ಪ್ರಮಾಣದಲ್ಲಿ ಇಳಿಯುತ್ತದೆ.

ಲೇಖನಗಳ ಕಥೆಯೂ ಹಾಗೇ. ಅವರ ಪಟ್ಟಿಯಲ್ಲಿ ಆರು ಇದ್ದವು. ತಜ್ಞರ ಪರಿಶೀಲನೆ ಆಗುವ ಜರ್ನಲ್‌ಗಳಲ್ಲಿ ಬಂದವು ಮೂರು, ಉಳಿದ ಮೂರು ಸಮ್ಮೇಳನಗಳಲ್ಲಿ ಓದಿದ್ದು. ಎಲ್ಲಾ ಒಂದೇ ಪಟ್ಟಿಯಲ್ಲಿ ಕಲಸಿಹೋಗಿದ್ದವು. ಹೀಗಿದ್ದರೆ ಎಣಿಸುವವರಿಗೆ ಅನುಮಾನ ಬರುತ್ತದೆ, ಅನುಮಾನ ಬಂದರೆ ನಿಜವಾದ ಮೂರನ್ನೂ ಕೆದಕಿ ನೋಡುತ್ತಾರೆ. ಎರಡು ಪಟ್ಟಿ ಮಾಡಿದೆವು. ಪ್ರತಿ ಜರ್ನಲ್ ಲೇಖನಕ್ಕೂ ಎಲ್ಲಾ ಲೇಖಕರ ಹೆಸರು ಅಚ್ಚಾದ ಕ್ರಮದಲ್ಲೇ, ಮೇಡಂ ಹೆಸರು ದಪ್ಪಕ್ಷರದಲ್ಲಿ, ವರ್ಷ, ಸಂಪುಟ, ಪುಟ ಸಂಖ್ಯೆ, ಆನ್‌ಲೈನ್‌ನಲ್ಲಿ ಲೇಖನ ಹುಡುಕುವ ಗುರುತು ಸಂಖ್ಯೆಯಾದ ಡಿಒಐ. “ಪ್ರಕಟಣೆಗೆ ಕಳಿಸಲಾಗಿದೆ” ಅನ್ನುವ ಲೇಖನವನ್ನು ಪ್ರಕಟವಾದವುಗಳ ಸಾಲಿಗೆ ಸೇರಿಸಲೇಬಾರದು. ನನ್ನ ಪ್ರಕಾರ ಸಿವಿಯಲ್ಲಿ ನಂಬಿಕೆ ಕೆಡುವುದು ಹೆಚ್ಚಾಗಿ ಈ ಒಂದು ಜಾಗದಲ್ಲೇ.

ಮೂರನೆಯದು ಬಯೋಡೇಟಾ. ಶಾಲೆ, ಸಣ್ಣ ಕಾರ್ಖಾನೆ, ಸೆಕ್ಯುರಿಟಿ ಏಜೆನ್ಸಿಗಳಲ್ಲಿ ಬಯೋಡೇಟಾ ಅಂದರೆ ಫೋಟೋ, ತಂದೆಯ ಹೆಸರು, ಖಾಯಂ ವಿಳಾಸ, ಓದು, ಕೆಳಗೆ ಸಹಿ ಇರುವ ಒಂದು ಹಾಳೆ. ಈ ಮನುಷ್ಯ ಯಾರು, ಎಲ್ಲಿಯವರು ಅಂತ ತಿಳಿಯುವುದೇ ಅದರ ಉದ್ದೇಶ. ಸರ್ಕಾರಿ ಡೆಪ್ಯುಟೇಶನ್‌ನಲ್ಲಿ ಅದು ಇನ್ನೂ ಬಿಗಿ. ಅಲ್ಲಿ ಬಯೋಡೇಟಾ ನೀವು ಬರೆಯುವುದಲ್ಲ, ಪ್ರಕಟಣೆಯ ಜೊತೆ ಅವರೇ ಕೊಡುವ ನಮೂನೆ. ಒಂದು ಕಾಲಂ ಬಿಡುವಂತಿಲ್ಲ, ಒಂದು ಸೇರಿಸುವಂತಿಲ್ಲ. ಜನ್ಮದಿನಾಂಕ ಕ್ರಿಸ್ತಶಕದಲ್ಲಿ, ಸೇವೆಗೆ ಸೇರಿದ ದಿನ, ನಿವೃತ್ತಿಯಾಗುವ ದಿನ. ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನಕ್ಕೆ ವಯಸ್ಸು 56 ಮೀರಿರಬಾರದು.

ಅದರಲ್ಲಿ ನಿರ್ಣಾಯಕ ಕಾಲಂ ಎರಡು ಭಾಗದ್ದು. ಎಡಕ್ಕೆ ಪ್ರಕಟಣೆಯಲ್ಲಿ ಕೇಳಿದ ಅರ್ಹತೆ ಮತ್ತು ಅನುಭವ, ಬಲಕ್ಕೆ ಅಧಿಕಾರಿಯ ಬಳಿ ಇರುವುದು. ಕಡತ ಪರಿಶೀಲಿಸುವವರು ಎಡ ಬಲ ತಾಳೆ ನೋಡುತ್ತಾ ಹೋಗುತ್ತಾರೆ. ನೀವು ಎಷ್ಟು ಚುರುಕು ಅನ್ನುವುದು ಈ ಹಂತದಲ್ಲಿ ಅವರ ಪ್ರಶ್ನೆಯೇ ಅಲ್ಲ, ನಿಯಮದ ಪ್ರಕಾರ ಅರ್ಹರೋ ಅಲ್ಲವೋ ಅಷ್ಟೇ. ಮೇಡಂ ನೋಡಿದ ಹುದ್ದೆಗೆ ಐದು ವರ್ಷದ ಖಾಯಂ ಸೇವೆ ಬೇಕಿತ್ತು. ಅವರು “ಎಂಟು ವರ್ಷ” ಅಂತ ಬರೆದು ಗುತ್ತಿಗೆಗೆ ಸೇರಿದ ದಿನವನ್ನೇ ಸೇವೆಗೆ ಸೇರಿದ ದಿನ ಅಂತ ಕೊಡುವವರಿದ್ದರು. ಕಾಲಂ ಕೇಳುವುದು ಖಾಯಂ ಆಗಿ ಹೊಂದಿದ ಹುದ್ದೆಗಳನ್ನು. ಅವರಿಗೆ ಆರು ವರ್ಷದಲ್ಲೇ ಅರ್ಹತೆ ಇತ್ತು. ಎಂಟು ಅಂತ ಬರೆದಿದ್ದರೆ ಅದು ಸೇವಾ ಪುಸ್ತಕಕ್ಕೆ ಹೊಂದದೆ, ಇರುವ ಅರ್ಹತೆಗೇ ಪೆಟ್ಟು ಬೀಳುತ್ತಿತ್ತು.

ಇಲ್ಲಿ ಸಹಿ ನಿಮ್ಮದೊಂದೇ ಸಾಲದು. ಅರ್ಜಿ ನಿಮ್ಮ ಕಚೇರಿಯ ಮೂಲಕವೇ ಹೋಗಬೇಕು. ಕಚೇರಿಯವರು ವಿವರ ದಾಖಲೆಗಳ ಪ್ರಕಾರ ಸರಿಯಿದೆ, ವಿಜಿಲೆನ್ಸ್ ಪ್ರಕರಣ ಇಲ್ಲ, ಕಳೆದ 10 ವರ್ಷದಲ್ಲಿ ದಂಡನೆ ಆಗಿಲ್ಲ ಅಂತ ಪ್ರಮಾಣೀಕರಿಸಿ, 5 ವರ್ಷದ ಕಾರ್ಯನಿರ್ವಹಣಾ ವರದಿಗಳ ಪ್ರತಿ ಲಗತ್ತಿಸುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ, ಕೊನೆಯ ವಾರಕ್ಕೆ ಬಿಟ್ಟವರ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲೇ ದಿನಾಂಕ ಮುಗಿದಿರುತ್ತದೆ.

ಹೊರದೇಶಕ್ಕೆ ಕಳಿಸುವವರಿಗೆ ಎರಡು ಮಾತು. ಅಮೆರಿಕದಲ್ಲಿ ಕಂಪನಿಗೆ ರೆಸ್ಯೂಮ್, ಸಿವಿ ಅಂದರೆ ವಿಶ್ವವಿದ್ಯಾಲಯ ಮತ್ತು ಸಂಶೋಧನೆಗೆ ಕೊಡುವ ಉದ್ದನೆಯದು. ಬ್ರಿಟನ್‌ನಲ್ಲಿ ಸಾಮಾನ್ಯ ಕೆಲಸಕ್ಕೂ ಸಿವಿ ಅಂತಲೇ ಕೇಳುತ್ತಾರೆ, ಆದರೆ ಅವರ ಮನಸ್ಸಿನಲ್ಲಿರುವುದು ಎರಡು ಪುಟ. ಎರಡೂ ಕಡೆ ಫೋಟೋ, ವಯಸ್ಸು, ಮದುವೆ, ಧರ್ಮ ಇವೇನೂ ಹಾಕಬೇಡಿ. ಅಲ್ಲಿನ ತಾರತಮ್ಯ ವಿರೋಧಿ ಕಾನೂನಿನಿಂದಾಗಿ ಅವರಿಗೆ ಅದನ್ನು ನೋಡುವುದೇ ಮುಜುಗರ. ನಮ್ಮಲ್ಲೂ ಖಾಸಗಿ ರೆಸ್ಯೂಮಿಗೆ ಅವು ಬೇಡ. ಆಧಾರ್ ಸಂಖ್ಯೆಯಂತೂ ಬೇಡವೇ ಬೇಡ. ಆ ಫೈಲ್ ಎಷ್ಟು ಜನರ ಕೈ ದಾಟುತ್ತದೆ ಅಂತ ನಾನು ದಿನಾ ನೋಡುತ್ತೇನೆ.

ಮೇಡಂ ಈಗ ಎಲ್ಲವೂ ಇರುವ ಒಂದು ಉದ್ದನೆಯ ಫೈಲನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಅದನ್ನು ಯಾರಿಗೂ ಕಳಿಸುವುದಿಲ್ಲ, ಅದರಿಂದ ಬೇಕಾದ್ದನ್ನು ಕತ್ತರಿಸಿಕೊಳ್ಳುತ್ತಾರೆ. ಪ್ರತಿ ಕೆಲಸಕ್ಕೂ ಸೇರಿದ ದಿನ, ಬಿಟ್ಟ ದಿನ, ನೇಮಕದ ಬಗೆ, ಆದೇಶದ ಸಂಖ್ಯೆ ಅಲ್ಲಿದೆ. ರೆಸ್ಯೂಮಿನಲ್ಲಿ ಬರೀ ತಿಂಗಳು ಮತ್ತು ವರ್ಷ ಹಾಕಿದರೂ ಅದು ಬಯೋಡೇಟಾದ ದಿನಾಂಕಕ್ಕೆ ಹೊಂದಬೇಕು. ಕಂಪನಿಗಳ ಹಿನ್ನೆಲೆ ಪರಿಶೀಲನೆಯಲ್ಲಿ ರಿಲೀವಿಂಗ್ ಲೆಟರ್ ಪಕ್ಕ ಇಟ್ಟುಕೊಂಡು ಮೊದಲು ನೋಡುವುದೇ ದಿನಾಂಕಗಳನ್ನು.