ರೆಪ್ಪೆ ಇಳಿದರೆ ಒಂದು ಗಡಿಯಾರ, ರಕ್ತ ಹೆಪ್ಪುಗಟ್ಟದಿದ್ದರೆ ಇನ್ನೊಂದು

ಪುಣೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ನನ್ನ ಕೆಲಸ. ಪಿಜಿ ಪರೀಕ್ಷೆ ಹತ್ತಿರ ಬಂದಾಗ ಜೂನಿಯರ್‌ಗಳಿಗೆ ಮಾಕ್ ವೈವಾ ತೆಗೆದುಕೊಳ್ಳುವುದೂ ನನ್ನ ಪಾಲಿಗೇ ಬರುತ್ತದೆ. ನಾನು ತಪ್ಪದೆ ಕೊಡುವ ಒಂದು ಕೇಸ್ ಇದೆ. ಈ ಊರಿನ ಕಟ್ಟಡ ಕೆಲಸಕ್ಕೆ ವಿಜಯಪುರ, ಯಾದಗಿರಿ, ಕಲಬುರಗಿ ಕಡೆಯಿಂದ ನಮ್ಮ ಜನ ತುಂಬಾ ಬರುತ್ತಾರೆ. ತಗಡಿನ ಶೆಡ್ಡಿನಲ್ಲಿ ನೆಲದ ಮೇಲೆಯೇ ಮಲಗುತ್ತಾರೆ. ಅವರನ್ನು ನೋಡಿ ನೋಡಿಯೇ ಈ ಪ್ರಶ್ನೆ ಬರೆದದ್ದು.

ಪ್ರಶ್ನೆ ಹೀಗಿದೆ. ಜುಲೈ ತಿಂಗಳು, ಬೆಳಗಿನ ಜಾವ ಐದೂವರೆ. 24 ವರ್ಷದ ಹೆಂಗಸು. ಮೂರು ಗಂಟೆಗೆ ಜೋರು ಹೊಟ್ಟೆನೋವಿನಿಂದ ಎಚ್ಚರವಾಗಿದೆ, ಎರಡು ಸಲ ವಾಂತಿ ಆಗಿದೆ. ಹತ್ತಿರದ ದವಾಖಾನೆಯಲ್ಲಿ ಅಸಿಡಿಟಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದ್ದಾರೆ. ಗಂಡ ಹೇಳುವುದಿಷ್ಟು: "ಹೊಟ್ಟಿ ನೋವು ಅಂತ ಎದ್ದಳ್ರೀ ಸಾಹೇಬ್ರ. ಈಗ ನೋಡಿದ್ರ ಕಣ್ಣು ತೆಗಿಯಾಕ ಆಗವಲ್ದು, ಮಾತೂ ತೊದಲಾಕತ್ತಾವ." ನಾಡಿ 110, ಬಿಪಿ 140/90, ಉಸಿರು ನಿಮಿಷಕ್ಕೆ 24, ಸ್ಯಾಚುರೇಷನ್ 96. ಮೈಮೇಲೆ ಕಚ್ಚಿದ ಗುರುತಿಲ್ಲ, ಬಾವು ಇಲ್ಲ. ಹಾವನ್ನು ಯಾರೂ ನೋಡಿಲ್ಲ.

ಹೆಚ್ಚಿನವರು ಇಲ್ಲಿ ಸ್ಟ್ರೋಕ್, ಗಿಯಾನ್-ಬಾರೆ, ಬೊಟುಲಿಸಂ, ಮೈಯಸ್ತೀನಿಯಾ ಎಂದು ಒಂದೊಂದಾಗಿ ಹೇಳಲು ಶುರು ಮಾಡುತ್ತಾರೆ. ಹೇಳಲಿ, ತಪ್ಪೇನಿಲ್ಲ. ಆದರೆ ನೆಲದ ಮೇಲೆ ಮಲಗಿದ್ದವರು, ರಾತ್ರಿ ಹೊಟ್ಟೆನೋವು, ಬೆಳಗಾಗುವಷ್ಟರಲ್ಲಿ ಎರಡೂ ರೆಪ್ಪೆ ಇಳಿದಿವೆ ಎಂದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ಕಟ್ಟುಹಾವು. ಇಲ್ಲಿಯ ಜನ ಮಣ್ಯಾರ್ ಅನ್ನುತ್ತಾರೆ. ರಾತ್ರಿ ಓಡಾಡುವ ಹಾವು ಅದು. ಹಲ್ಲು ಸಣ್ಣ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಜಾಗದಲ್ಲಿ ಊತವೂ ಬರುವುದಿಲ್ಲ. ಹಾಗಾಗಿ "ಗುರುತಿಲ್ಲ, ಅದಕ್ಕೆ ಹಾವಲ್ಲ" ಎಂದವರಿಗೆ ನಾನು ಅಲ್ಲೇ ಅಂಕ ಕಡಿಯುತ್ತೇನೆ.

ಮುಂದಿನ ಹೆಜ್ಜೆ ಕೈಯಿಂದ ಮಾಡಿ ತೋರಿಸಬೇಕು. ಬೆರಳು ಹಿಡಿದು ಮೇಲೆ ನೋಡಲು ಹೇಳಿ. ನಾಲಿಗೆ ಹೊರಗೆ ಚಾಚಿಸಿ. ದಿಂಬಿನಿಂದ ತಲೆ ಎತ್ತಲು ಆಗುತ್ತದಾ ನೋಡಿ. ಆಮೇಲೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿ. ನಮ್ಮ ಕೇಸಿನಲ್ಲಿ ಆಕೆ 12ಕ್ಕೆ ನಿಂತಳು. ಆ ಸಂಖ್ಯೆಯನ್ನು ಸಮಯದ ಜೊತೆ ಬರೆದಿಡಿ. ಸ್ಯಾಚುರೇಷನ್ 96 ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಉಸಿರಿನ ಸ್ನಾಯು ಸೋತಾಗ ಮೊದಲು ಇಂಗಾಲದ ಡೈಆಕ್ಸೈಡ್ ಏರುತ್ತದೆ. ಸ್ಯಾಚುರೇಷನ್ ಬೀಳುವುದು ಕೊನೆಗೆ, ಅದೂ ಒಮ್ಮೆಲೇ.

ಇಷ್ಟರೊಳಗೆ ರಕ್ತದ ಪರೀಕ್ಷೆಯೂ ಶುರುವಾಗಿರಬೇಕು. ಎರಡು ಎಂಎಲ್ ರಕ್ತವನ್ನು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಬಿಡುವುದು. ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ನೀರಿನಂತೆ ಹರಿದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದರ್ಥ. ಟ್ಯೂಬು ಗಾಜಿನದೇ ಆಗಿರಬೇಕು, ಸೋಪಿನಲ್ಲಿ ತೊಳೆದದ್ದು ಆಗಿರಬಾರದು. ಪ್ಲಾಸ್ಟಿಕ್ಕಿನಲ್ಲಿ, ಡಿಟರ್ಜೆಂಟ್ ಉಳಿದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೇ ಇರಬಹುದು. ಅನುಮಾನ ಇದ್ದರೆ ಪಕ್ಕದಲ್ಲಿ ಇನ್ನೊಬ್ಬ ಆರೋಗ್ಯವಂತರ ರಕ್ತವನ್ನೂ ಹಾಗೇ ಇಟ್ಟು ನೋಡಿ. ಇಲ್ಲಿ ಆಕೆಯ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟಿದೆ.

ಹಾವಿನ ವಿಷವನ್ನು ಅಡಗಿಸುವ ಮದ್ದು ಎಎಸ್‌ವಿ ಕೊಡಬೇಕಾ? ಕೊಡಬೇಕು. ಹಾವು ಸಿಗದಿದ್ದರೂ, ಗುರುತು ಕಾಣದಿದ್ದರೂ ನರಕ್ಕೆ ವಿಷ ಏರಿದ ಲಕ್ಷಣ ಕಣ್ಣೆದುರಿಗೇ ಇದೆ. ಬರೀ ಹಲ್ಲಿನ ಗುರುತಿದೆ, ಬೇರೆ ಏನೂ ಇಲ್ಲ ಅನ್ನುವವರಿಗೆ ಕೊಡುವುದಿಲ್ಲ, ನಿಗಾ ಇಟ್ಟು ನೋಡುತ್ತೇವೆ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಅದಕ್ಕೇ ಯಾವ ಹಾವು ಎಂದು ಹುಡುಕುತ್ತಾ ಕೂರುವ ಅಗತ್ಯವಿಲ್ಲ. ಮೊದಲ ಡೋಸ್ 10 ವೈಯಲ್, ಮಗುವಾದರೂ ಅಷ್ಟೇ. ಮಗು ಚಿಕ್ಕದು ಎಂದು ಹಾವು ಕಡಿಮೆ ವಿಷ ಬಿಡುವುದಿಲ್ಲ ಅಲ್ವಾ? ಚರ್ಮದ ಮೇಲೆ ಟೆಸ್ಟ್ ಡೋಸ್ ಬೇಡ. ಯಾರಿಗೆ ರಿಯಾಕ್ಷನ್ ಆಗುತ್ತದೆ ಎಂದು ಅದು ಹೇಳುವುದೇ ಇಲ್ಲ.

ಪುಡಿಯ ವೈಯಲ್ ಆದರೆ ಪ್ರತಿಯೊಂದಕ್ಕೂ 10 ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಿ ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕು. ಕುಲುಕಿದರೆ ನೊರೆ ಬರುತ್ತದೆ, ಔಷಧ ನೊರೆಯಲ್ಲೇ ಉಳಿಯುತ್ತದೆ. ಹತ್ತು ವೈಯಲ್ ಕರಗಿಸಲು ಹೊತ್ತು ಬೇಕು, ಹಾಗಾಗಿ ನಿರ್ಧಾರ ಆದ ತಕ್ಷಣ ಇಬ್ಬರು ಸಿಸ್ಟರ್‌ಗಳನ್ನು ಅದಕ್ಕೆ ಕೂರಿಸಿ. ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಹರಿಸುವುದು. ಮೊದಲ ಹನಿಯಿಂದಲೇ ಪಕ್ಕದಲ್ಲಿ ಅಡ್ರಿನಲಿನ್ ಎಳೆದಿಟ್ಟಿರಬೇಕು. ಮೈ ತುಂಬಾ ದದ್ದು, ಕೆಮ್ಮು, ಬಿಪಿ ಇಳಿತ ಕಂಡರೆ ಡ್ರಿಪ್ ನಿಲ್ಲಿಸಿ, ತೊಡೆಯ ಸ್ನಾಯುವಿಗೆ 0.5 ಮಿಗ್ರಾಂ ಕೊಡಿ. ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಶುರು ಮಾಡಿ. ರಿಯಾಕ್ಷನ್ ಆಯಿತು ಎಂದು ಎಎಸ್‌ವಿ ಕೈಬಿಡುವ ಹಾಗಿಲ್ಲ.

ಜೊತೆಗೇ ನಿಯೋಸ್ಟಿಗ್ಮಿನ್ ಪರೀಕ್ಷೆ. ನರ ಸ್ನಾಯುವಿಗೆ ಬಿಡುವ ಸಂಕೇತದ ರಾಸಾಯನಿಕ ಬೇಗ ಒಡೆದುಹೋಗದಂತೆ ಉಳಿಸುವ ಔಷಧ ಇದು. ಮೊದಲು ಅಟ್ರೋಪಿನ್ 0.6 ಮಿಗ್ರಾಂ, ಆಮೇಲೆ ನಿಯೋಸ್ಟಿಗ್ಮಿನ್ 1.5 ಮಿಗ್ರಾಂ. ಕಣ್ಣು ಎಷ್ಟು ತೆರೆಯುತ್ತದೆ, ಎಣಿಕೆ ಎಷ್ಟಕ್ಕೆ ಹೋಗುತ್ತದೆ ಎಂದು ಒಂದು ಗಂಟೆ ಗಮನಿಸಬೇಕು. ನಾಗರಹಾವಿನ ವಿಷ ಸ್ನಾಯುವಿನ ಕಡೆಯ ಗ್ರಾಹಕಗಳನ್ನು ಮುಚ್ಚುತ್ತದೆ, ಅದಕ್ಕೆ ಈ ಔಷಧ ಕೆಲಸ ಮಾಡುತ್ತದೆ. ಕಟ್ಟುಹಾವಿನ ಮುಖ್ಯ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ನರ ಸಂಕೇತವನ್ನೇ ಬಿಡುಗಡೆ ಮಾಡದಿದ್ದರೆ ನಿಯೋಸ್ಟಿಗ್ಮಿನ್ ಉಳಿಸುವುದಾದರೂ ಏನನ್ನು? ನಮ್ಮ ಕೇಸಿನಲ್ಲಿ ಏನೂ ಬದಲಾಗಲಿಲ್ಲ.

ಏಳು ಗಂಟೆ. ಹತ್ತು ವೈಯಲ್ ಮುಗಿದಿದೆ. ಎಣಿಕೆ 12ರಿಂದ 6ಕ್ಕೆ ಇಳಿದಿದೆ. ಬಾಯಲ್ಲಿ ಜೊಲ್ಲು ನಿಂತಿದೆ, ನುಂಗಲು ಆಗುತ್ತಿಲ್ಲ, ತಲೆ ಎತ್ತಲು ಆಗುತ್ತಿಲ್ಲ. ಈಗ ಏನು ಮಾಡುತ್ತೀರಿ ಎಂದು ಕೇಳಿದರೆ ಅನೇಕರು "ಇನ್ನೂ ಹತ್ತು ವೈಯಲ್" ಅನ್ನುತ್ತಾರೆ. ಮೊದಲು ಗಂಟಲಿಗೆ ಉಸಿರಿನ ಟ್ಯೂಬು ಹಾಕಿ, ಮಾರಾಯ್ರೆ! ಉಸಿರಿನ ದಾರಿ ಭದ್ರವಾದ ಮೇಲೆ ಎರಡನೇ ಹತ್ತು. ನರದ ಲಕ್ಷಣಕ್ಕೆ ಒಂದರಿಂದ ಎರಡು ಗಂಟೆಯಲ್ಲಿ ಮತ್ತೆ ನೋಡಿ, ಸುಧಾರಿಸದಿದ್ದರೆ ಅಥವಾ ಹೆಚ್ಚಾದರೆ ಇನ್ನೊಂದು ಸಲ ಕೊಡುತ್ತೇವೆ. ಒಟ್ಟು 20 ವೈಯಲ್. ಅಲ್ಲಿಗೆ ನಿಲ್ಲಿಸುತ್ತೇವೆ.

ಈ ನಿಲ್ಲಿಸುವುದೇ ಜೂನಿಯರ್‌ಗಳಿಗೆ ಕಷ್ಟ. ರೋಗಿ ಇನ್ನೂ ಕಣ್ಣು ಬಿಟ್ಟಿಲ್ಲ, ನೆಂಟರು ಬಾಗಿಲಲ್ಲಿ ನಿಂತಿದ್ದಾರೆ, ಔಷಧ ಕೈಯಲ್ಲಿದೆ. ಆದರೆ ಎಎಸ್‌ವಿ ಹಿಡಿಯುವುದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ. ನರದ ತುದಿಗೆ ಆಗಿಹೋದ ಹಾನಿಗೆ ಅದನ್ನು ಸುರಿಯುವುದು ಕಳ್ಳ ಮನೆಯೊಳಗೆ ಹೊಕ್ಕ ಮೇಲೆ ಬಾಗಿಲಿಗೆ ಕಾವಲು ಹಾಕಿದ ಹಾಗೆ. ನರದ ತುದಿ ತಾನಾಗಿ ಚಿಗುರಬೇಕು, ಅದಕ್ಕೆ ದಿನಗಳು ಬೇಕು, ಕೆಲವೊಮ್ಮೆ ವಾರಗಳು. ಅಲ್ಲಿಯವರೆಗೆ ಚಿಕಿತ್ಸೆ ಎಂದರೆ ವೆಂಟಿಲೇಟರ್.

ಈಗ ಅದೇ ಪ್ರಶ್ನೆಯಲ್ಲಿ ಒಂದೆರಡು ಸಾಲು ಬದಲಿಸುತ್ತೇನೆ. ಸಂಜೆ ಹುಲ್ಲು ಕೊಯ್ಯುವಾಗ ಕಾಲಿಗೆ ಕಚ್ಚಿದೆ. ಪಾದ ಊದಿಕೊಂಡಿದೆ, ತುಂಬಾ ನೋವು. ಒಸಡಿನಲ್ಲಿ ರಕ್ತ, ಟ್ಯೂಬಿನಲ್ಲಿ ರಕ್ತ ನೀರಿನಂತಿದೆ. ಇದು ಮಂಡಲ ಜಾತಿಯ ಕೆಲಸ. ಡೋಸ್ ಅದೇ 10 ವೈಯಲ್. ಆದರೆ ಗಡಿಯಾರ ಬೇರೆ. ಒಂದೇ ಗಂಟೆ ಕಳೆದ ಮೇಲೆ ಮತ್ತೆ ಟ್ಯೂಬ್ ಪರೀಕ್ಷೆ ಮಾಡಿ, ಹೆಪ್ಪುಗಟ್ಟಲಿಲ್ಲ ಎಂದು ಇನ್ನೂ ಹತ್ತು ಹಾಕುವುದು ದುಡುಕು. ವಿಷ ಅಡಗಿದರೂ ರಕ್ತ ಹೆಪ್ಪುಗಟ್ಟಿಸುವ, ಖರ್ಚಾಗಿ ಹೋದ ಅಂಶಗಳನ್ನು ಲಿವರ್ ಮತ್ತೆ ತಯಾರಿಸಬೇಕು, ಅದಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಅದಕ್ಕೇ ಮರುಪರೀಕ್ಷೆ ಆರು ಗಂಟೆ ಕಳೆದ ಮೇಲೆ. ಆಗಲೂ ನೀರಾಗಿದ್ದರೆ ಎರಡನೇ ಡೋಸ್. ಎಎಸ್‌ವಿ ಕೊಡುವ ಮೊದಲೇ ಪ್ಲಾಸ್ಮಾ ಹಾಕಿದರೆ ವಿಷ ಅದನ್ನೂ ತಿಂದು ಮುಗಿಸುತ್ತದೆ. ಮೂತ್ರ ಎಷ್ಟು ಬರುತ್ತಿದೆ, ಯಾವ ಬಣ್ಣ ಎಂದು ಗಂಟೆಗಂಟೆಗೂ ಬರೆಯಿರಿ. ಕೊಳಕುಮಂಡಲ ಕಿಡ್ನಿಯನ್ನು ಸುಮ್ನೆ ಬಿಡುವುದಿಲ್ಲ.

ಸುಮಾರು 30 ವೈಯಲ್ ಆದರೂ ರಕ್ತ ಹೆಪ್ಪುಗಟ್ಟದಿದ್ದರೆ ಡೋಸ್ ಏರಿಸುವ ಮೊದಲು ಯೋಚಿಸಿ. ಪಶ್ಚಿಮ ಘಟ್ಟದ ಕಡೆಯ ಹಂಪ್-ನೋಸ್ಡ್ ಪಿಟ್ ವೈಪರ್ ಕಚ್ಚಿದ್ದರೆ ನಮ್ಮ ಎಎಸ್‌ವಿಯಲ್ಲಿ ಅದಕ್ಕೆ ಮದ್ದಿಲ್ಲ. ಟ್ಯೂಬು ಸೋಪಿನದ್ದಾ ಎಂದೂ ಇನ್ನೊಮ್ಮೆ ನೋಡಿ.

ಎರಡೂ ಲಕ್ಷಣ ಒಟ್ಟಿಗೆ ಬಂದರೆ? ರೆಪ್ಪೆಯೂ ಇಳಿದಿದೆ, ರಕ್ತವೂ ಹೆಪ್ಪುಗಟ್ಟುತ್ತಿಲ್ಲ. ಇದು ಪರೀಕ್ಷಕರಿಗೆ ಇಷ್ಟವಾದ ತಿರುವು. ದಕ್ಷಿಣ ಭಾರತ, ಶ್ರೀಲಂಕಾದ ಕೊಳಕುಮಂಡಲ ಹೀಗೆ ಮಾಡುತ್ತದೆ. "ನರವಿಷ ಎಂದರೆ ನಾಗರ ಅಥವಾ ಕಟ್ಟುಹಾವು, ರಕ್ತವಿಷ ಎಂದರೆ ಮಂಡಲ" ಎಂಬ ಬಾಯಿಪಾಠ ಇಲ್ಲಿ ಕೈಕೊಡುತ್ತದೆ. ಹೆಸರು ಬಿಟ್ಟು ಲಕ್ಷಣ ನೋಡುವವರಿಗೆ ತೊಂದರೆಯಿಲ್ಲ. ಉಸಿರಿನ ಎಣಿಕೆಯನ್ನು ಗಂಟೆಯ ಲೆಕ್ಕದಲ್ಲಿ, ಟ್ಯೂಬನ್ನು ಆರು ಗಂಟೆಯ ಲೆಕ್ಕದಲ್ಲಿ ನೋಡುತ್ತಾ ಹೋಗುತ್ತಾರೆ.

ಮತ್ತೆ ನಮ್ಮ ಹೆಂಗಸಿನ ಕೇಸಿಗೆ. ವೆಂಟಿಲೇಟರ್ ಮೇಲೆ ಎರಡನೇ ದಿನ. ಕೈಕಾಲು ಅಲುಗುತ್ತಿಲ್ಲ, ಪಾಪೆ ಹಿಗ್ಗಿದೆ, ಟಾರ್ಚ್ ಬಿಟ್ಟರೂ ಕುಗ್ಗುತ್ತಿಲ್ಲ. ಗಂಡನಿಗೆ ಏನು ಹೇಳುತ್ತೀರಿ? ಮೆದುಳು ಸತ್ತಿದೆ ಎಂದರೆ ಆ ಅಭ್ಯರ್ಥಿ ಅಲ್ಲಿಗೇ ಫೇಲ್. ಕಟ್ಟುಹಾವಿನ ವಿಷ ಕಣ್ಣಿನ ನರಗಳನ್ನೂ ಹಿಡಿಯುತ್ತದೆ. ಆಕೆ ಎಚ್ಚರವಾಗಿದ್ದು, ನಾವು ಆಡುವ ಪ್ರತಿ ಮಾತೂ ಕೇಳಿಸುತ್ತಿರಬಹುದು. ನಿದ್ದೆಯ ಔಷಧ ಕೊಡಬೇಕು, ರೆಪ್ಪೆ ಮುಚ್ಚಿ ಕಣ್ಣು ಒಣಗದಂತೆ ನೋಡಿಕೊಳ್ಳಬೇಕು, ಹಾಸಿಗೆಯ ಪಕ್ಕ ನಿಂತು ಸಾವಿನ ಮಾತು ಆಡಬಾರದು. ಗಂಡನಿಗೆ ಅವನ ಭಾಷೆಯಲ್ಲೇ ಹೇಳಿ: "ಆಕೀಗೆ ಎಲ್ಲಾ ಕೇಳಸ್ತಿರಬಹುದು. ಕೈ ಹಿಡಕೊಂಡು ಮಾತಾಡು."

ಕೊನೆಯ ಪ್ರಶ್ನೆ: ಇದೇ ಕೇಸ್ ವೆಂಟಿಲೇಟರ್ ಇಲ್ಲದ ಗ್ರಾಮೀಣ ಆಸ್ಪತ್ರೆಯಲ್ಲಿ ಬಂದಿದ್ದರೆ? ಹತ್ತು ವೈಯಲ್ ಅಲ್ಲೇ ಶುರು ಮಾಡಿ, ಅಟ್ರೋಪಿನ್, ನಿಯೋಸ್ಟಿಗ್ಮಿನ್ ಅಲ್ಲೇ ಕೊಡಿ. ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಎಣಿಕೆಯ ಸಂಖ್ಯೆ ತಿಳಿಸಿ. ಎಣಿಕೆ ಇಳಿಯುತ್ತಿದ್ದರೆ ಆಂಬುಲೆನ್ಸ್ ಹತ್ತಿಸುವ ಮೊದಲೇ ಟ್ಯೂಬು ಹಾಕಿ. ಹಾಕಲು ಬರುವವರು ಇಲ್ಲದಿದ್ದರೆ ಆಂಬು ಬ್ಯಾಗ್, ಮಾಸ್ಕ್, ಸಕ್ಷನ್ ಜೊತೆಗೆ ದಾರಿಯುದ್ದಕ್ಕೂ ಉಸಿರು ಒತ್ತಬಲ್ಲ ಒಬ್ಬರನ್ನು ಕೂರಿಸಿ ಕಳಿಸಿ.