ಅಪ್ಪನ ‘ಪುಟ್ ಅಪ್’, ಗಿರಾಕಿಯ ‘ಪುಟ್ ಅಪ್’

ನನ್ನ ಅಪ್ಪ ಗದಗಿನಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದರು. ಅವರ ಬಾಯಲ್ಲಿ ಬರುತ್ತಿದ್ದ ಇಂಗ್ಲಿಷ್ ಸ್ವಲ್ಪವೇ. ಅದರಲ್ಲಿ ‘ಪುಟ್ ಅಪ್’ಗೆ ಮೊದಲ ಮಣೆ. ಫೈಲು ಸಾಹೇಬರ ಮೇಜಿಗೆ ಹೋದ ದಿನ ‘ಪುಟ್ ಅಪ್ ಮಾಡಿದೆ’ ಎನ್ನುತ್ತ ನೆಮ್ಮದಿಯಿಂದ ಊಟಕ್ಕೆ ಕೂರುತ್ತಿದ್ದರು. ಮೇಲಿನವರ ಮುಂದೆ ಮಂಡಿಸುವುದು ಎಂಬ ಅರ್ಥ ಹೀಗೆ ನನಗೆ ಮನೆಯಲ್ಲೇ ಸಿಕ್ಕಿತು. ಅದನ್ನೇ ಕಟ್ಟಿಕೊಂಡು ಮುಂಬೈಗೆ ಬಂದೆ.

ಮಸ್ಜಿದ್ ಬಂದರಿನ ಒಂದು ಸಣ್ಣ ಲಾರಿ ಸಾಗಣೆ ಕಚೇರಿಯಲ್ಲಿ ನನಗೆ ಲೆಕ್ಕ ಮತ್ತು ಪತ್ರವ್ಯವಹಾರದ ಕೆಲಸ. ಭಿವಂಡಿಯ ಬಟ್ಟೆ ವ್ಯಾಪಾರಿಯೊಬ್ಬರ ಮಾಲು ಸತತ ಮೂರು ಸಲ ತಡವಾಗಿ ತಲುಪಿತ್ತು. ನಮಗೆ ಅವರಿಂದ 42,000 ರೂಪಾಯಿ ಬಾಕಿ ಬರಬೇಕಿತ್ತು. ಒಂದು ಬೆಳಿಗ್ಗೆ ಅವರ ಪತ್ರ ಬಂತು, ಎರಡೇ ಸಾಲು: ‘ವಿ ಕೆನಾಟ್ ಪುಟ್ ಅಪ್ ವಿತ್ ದೀಸ್ ಡಿಲೇಸ್ ಎನಿ ಲಾಂಗರ್. ಪ್ಲೀಸ್ ಲುಕ್ ಇನ್ಟು ದ ಮ್ಯಾಟರ್.’

ಅಪ್ಪನ ಮಗನಾದ ನನಗೆ ಅನುಮಾನವೇ ಬರಲಿಲ್ಲ. ತಡವಾದ ಕಾರಣಕ್ಕೆ ನಮ್ಮ ಬಿಲ್ಲನ್ನು ಅವರು ಮಾಲೀಕರ ಮುಂದೆ ಮಂಡಿಸಲಾಗುತ್ತಿಲ್ಲ, ಪಾಪ! ಕೂಡಲೇ ಉತ್ತರ ಬರೆದೆ: ಮಾಲು ಈಗ ತಲುಪಿದೆ, ಆದ್ದರಿಂದ ನಮ್ಮ ಬಿಲ್ಲನ್ನು ಇನ್ನು ತಡಮಾಡದೆ ಪುಟ್ ಅಪ್ ಮಾಡಿ. ‘ಇನ್ನು ತಡಮಾಡದೆ’ ಎಂಬುದನ್ನು ಸೇರಿಸಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಮಧ್ಯಾಹ್ನಕ್ಕೆ ಮುಂಚೆಯೇ ನಮ್ಮ ಸೇಠ್‌ಗೆ ಫೋನ್ ಬಂತು. ಮೂರು ಸಲ ತಡ ಮಾಡಿದವರು ನಮಗೇ ತಡಮಾಡಬೇಡಿ ಎನ್ನುತ್ತಾರಲ್ಲ ಎಂದು ಆ ಕಡೆಯವರು ಕೂಗುತ್ತಿದ್ದುದು ನನ್ನ ಕುರ್ಚಿಗೂ ಕೇಳಿಸಿತು. ಸೇಠ್ ನನ್ನತ್ತ ನೋಡಿದ ನೋಟಕ್ಕೆ ಯಾವ ನಿಘಂಟೂ ಬೇಕಿರಲಿಲ್ಲ.

ಸಂಜೆ ಡೊಂಬಿವಲಿಗೆ ಮರಳಿದವನು ನೆರೆಮನೆಯ ಮಾಸ್ತರರ ಬಳಿಗೆ ಹೋದೆ. ಹಿಂದೆ ಕನ್ನಡ ರಾತ್ರಿ ಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಇಂಗ್ಲಿಷ್ ಕಲಿಸಿದವರು ಅವರು. ಪತ್ರ ಓದಿ, ನಗದೆ, ‘ಏನನ್ನು ಪುಟ್ ಅಪ್ ಮಾಡಲಾಗದು ಎಂದಿದ್ದಾರೆ? ತೋರಿಸು’ ಎಂದರು.

‘ಬಿಲ್ಲನ್ನು, ಮಾಸ್ತರೇ.’

‘ಬಿಲ್ಲು ಎಲ್ಲಿದೆ ಇಲ್ಲಿ?’

ಇರಲಿಲ್ಲ. ಪುಟ್ ಅಪ್ ಆದ ಕೂಡಲೇ ‘ವಿತ್’ ಬಂದು ಕೂತಿತ್ತು. ನಿನ್ನಪ್ಪನ ಪುಟ್ ಅಪ್‌ಗೆ ಕರ್ಮಪದ ಬೇಕು, ಫೈಲೋ ಬಿಲ್ಲೋ, ಏನಾದರೊಂದನ್ನು ಮಂಡಿಸಲೇಬೇಕು ಎಂದರು ಮಾಸ್ತರರು. ಅದಿಲ್ಲದೆ ‘ವಿತ್’ ನೇರವಾಗಿ ಅಂಟಿಕೊಂಡಿದ್ದರೆ ಮೂರೂ ಸೇರಿ ಒಂದೇ ಕ್ರಿಯಾಪದ: ಸಹಿಸಿಕೊಳ್ಳುವುದು. ಸಹಿಸುವ ವಸ್ತು ‘ವಿತ್’ ಆದಮೇಲೆ ಬರುತ್ತದೆ, ಇಲ್ಲಿ ಅದು ವಿಳಂಬ. ಇನ್ನೊಂದು ಗುರುತನ್ನೂ ಹೇಳಿದರು. ವಸ್ತುವಿನ ಬದಲು ‘ಇಟ್’ ಇಟ್ಟು ನೋಡು. ಬಿಲ್ಲಾದರೆ ‘ಪುಟ್ ಇಟ್ ಅಪ್’ ಎಂದು ನಡುವೆ ನುಸುಳುತ್ತದೆ. ವಿಳಂಬವಾದರೆ ‘ಪುಟ್ ಅಪ್ ವಿತ್ ಇಟ್’, ಕೊನೆಯಲ್ಲೇ. ಆ ಮೂರರ ನಡುವೆ ಅದಕ್ಕೆ ಜಾಗವಿಲ್ಲ.

ಹಳೆಯ ದಪ್ಪ ನಿಘಂಟನ್ನೂ ತೆಗೆದರು. ನಾನು ‘ಪುಟ್’ ಎಂಬಲ್ಲಿ ಮೊದಲ ನಾಲ್ಕು ಸಾಲು ಓದಿ ನಿಂತೆ. ಅವರು ಬೆರಳನ್ನು ಕೆಳಕ್ಕೆ ಎಳೆಯುತ್ತ ಹೋಗಿ, ಆ ಪದದ ವಿವರಣೆಯ ಕೊನೆಯಲ್ಲಿದ್ದ ಬೇರೆಯದೇ ಪಟ್ಟಿಗೆ ತಂದರು. ‘ಪುಟ್ ಅಪ್’ ಒಂದು ಕಡೆ: ತೂಗುಹಾಕು, ಕಟ್ಟಿ ನಿಲ್ಲಿಸು, ಯಾರನ್ನಾದರೂ ಮನೆಯಲ್ಲಿ ತಂಗಿಸು. ‘ಪುಟ್ ಅಪ್ ವಿತ್’ ಅದರ ಪಕ್ಕದಲ್ಲೇ ಪ್ರತ್ಯೇಕ ಮನೆ ಮಾಡಿಕೊಂಡಿತ್ತು. ಅಪ್ಪನ ಅರ್ಥ ಆ ನಿಘಂಟಿನಲ್ಲಿ ಕಾಣಲಿಲ್ಲ. ಅದು ನಮ್ಮ ಕಚೇರಿಗಳ ರೂಢಿ ಎಂದರು. ನನಗೇಕೋ ಸ್ವಲ್ಪ ಬೇಸರವಾಯಿತು.

‘ಇಡುವುದಕ್ಕೂ ಮೇಲಕ್ಕೂ ಸಹನೆಗೂ ಏನು ಸಂಬಂಧ, ಮಾಸ್ತರೇ?’ ಎಂದು ಗೊಣಗಿದೆ.

‘ನಿನ್ನ ಸ್ನೇಹಿತ ಕೈಕೊಟ್ಟ ಎನ್ನುತ್ತೀಯಲ್ಲ, ಯಾವ ಕೈ ಕೊಟ್ಟ?’ ಎಂದರು. ಬಾಯಿ ಮುಚ್ಚಿಕೊಂಡೆ.

‘ಲುಕ್ ಇನ್ಟು’ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ಒಳಹೊಕ್ಕು ನೋಡುವುದು ಎಂದು ಕನ್ನಡದಲ್ಲೂ ಅರ್ಥ ಹತ್ತುತ್ತದೆ. ಪೆಟ್ಟಿಗೆಯ ಒಳಗೆ ಇಣುಕಿದರೂ ಅದೇ ಪದ, ದೂರಿನ ಒಳಗೆ ಇಳಿದರೂ ಅದೇ. ‘ಆದರೆ ಅದು ವಿಚಾರಣೆಗೆ ಒಪ್ಪಿಗೆ, ಪರಿಹಾರಕ್ಕೆ ಅಲ್ಲ’ ಎಂದು ಮಾತ್ರ ಎಚ್ಚರಿಸಿದರು.

ಮರುದಿನ ಕ್ಷಮೆ ಕೋರಿ ಎರಡನೆಯ ಪತ್ರ ಬರೆದೆ. ಮೂರು ಲಾರಿಗಳೂ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿದ್ದವು ಎಂದು ಚಾಲಕರನ್ನು ಕೇಳಿ ವಿವರ ಕೊಟ್ಟೆ. ಕೊನೆಯಲ್ಲಿ, ಅಳುಕುತ್ತಲೇ, ಬಾಕಿಯ ಪ್ರಸ್ತಾಪ. ವಾರದ ಬಳಿಕ ಉತ್ತರ ಬಂತು: ‘ವಿ ವಿಲ್ ಲುಕ್ ಇನ್ಟು ಯುವರ್ ಬಿಲ್.’

ಸೇಠ್ ಹಿಗ್ಗಿ, ‘ದುಡ್ಡು ಬರುತ್ತದಂತೆ ತಾನೇ?’ ಎಂದರು.

‘ಪರಿಶೀಲಿಸುತ್ತಾರಂತೆ, ಸೇಠ್‌ಜಿ. ಕೊಡುತ್ತೇವೆ ಎಂದು ಎಲ್ಲೂ ಬರೆದಿಲ್ಲ’ ಎಂದೆ.